ಅಮ್ಮನ 18.4, ಮಗಳ 46: ವಿಟಮಿನ್ ಡಿ ವರದಿಯಲ್ಲಿ ಯಾರದು ಹೆಚ್ಚು?

ತುಮಕೂರಿನ ಬಿ.ಎಚ್. ರಸ್ತೆಯ ಲ್ಯಾಬಿನಲ್ಲಿ ಅಮ್ಮ ವಿಟಮಿನ್ ಡಿ ಪರೀಕ್ಷೆ ಮಾಡಿಸುತ್ತಾರೆ, ಲೆಸ್ಟರಿನಲ್ಲಿ ಮಗಳೂ ಮಾಡಿಸುತ್ತಾಳೆ ಅಂದುಕೊಳ್ಳಿ. "ನಂದು ಹದಿನೆಂಟು ಪಾಯಿಂಟ್ ನಾಲ್ಕು ಬಂದಿದೆ ಕಣೇ" ಅಂತ ಅಮ್ಮ. "ನಂದು ನಲವತ್ತಾರು ಅಮ್ಮ" ಅಂತ ಮಗಳು. ಮಗಳು ಚೆನ್ನಾಗಿದ್ದಾಳೆ ಎಂದು ಅಮ್ಮನಿಗೆ ಸಮಾಧಾನವಾಗುತ್ತದೆ. ಆದರೆ ಇಬ್ಬರ ರಕ್ತದಲ್ಲೂ ಇರುವುದು ಸರಿಸುಮಾರು ಒಂದೇ ಮಟ್ಟ. ನಮ್ಮೂರಿನ ವರದಿಯಲ್ಲಿ ಅಂಕಿಯ ಪಕ್ಕ ng/mL ಇರುತ್ತದೆ, ನಾನಿರುವ ಇಂಗ್ಲೆಂಡಿನ ವರದಿಯಲ್ಲಿ nmol/L ಇರುತ್ತದೆ. ಫೋನಿನಲ್ಲಿ ಅಂಕಿ ಹೇಳುತ್ತೇವೆ, ಅಳತೆಯ ಮಾನವನ್ನು ಬಿಟ್ಟುಬಿಡುತ್ತೇವೆ.

ನ್ಯಾನೊಗ್ರಾಂ ಎಂದರೆ ತೂಕದ ಲೆಕ್ಕ. ನ್ಯಾನೊಮೋಲ್ ಎಂದರೆ ಅಣುಗಳ ಎಣಿಕೆಯ ಲೆಕ್ಕ. ಎರಡನ್ನೂ ಜೋಡಿಸುವುದು ಆ ವಸ್ತುವಿನ ಅಣುತೂಕ. ಪರೀಕ್ಷೆಯಲ್ಲಿ ಅಳೆಯುವುದು 25-ಹೈಡ್ರಾಕ್ಸಿ ವಿಟಮಿನ್ ಡಿ. ಅದರ ಡಿ3 ರೂಪದ ಅಣುತೂಕ ಸುಮಾರು 400.6. ಸಾವಿರವನ್ನು ಅದರಿಂದ ಭಾಗಿಸಿದರೆ 2.496 ಬರುತ್ತದೆ. ಮನೆಯ ಲೆಕ್ಕಕ್ಕೆ 2.5 ಸಾಕು.

```
nmol/L = ng/mL × 2.5
ng/mL  = nmol/L ÷ 2.5
```

ಬಾಯಿಲೆಕ್ಕಕ್ಕೆ ಇನ್ನೂ ಸುಲಭದ ದಾರಿಯಿದೆ. ನ್ಯಾನೊಗ್ರಾಂ ಅಂಕಿಯನ್ನು ಹತ್ತರಿಂದ ಗುಣಿಸಿ ನಾಲ್ಕರಿಂದ ಭಾಗಿಸಿ. 18.4 ಹತ್ತರಿಂದ ಗುಣಿಸಿದರೆ 184, ನಾಲ್ಕರಿಂದ ಭಾಗಿಸಿದರೆ 46. ಹಿಂದಕ್ಕೆ ಬರಲು ನಾಲ್ಕರಿಂದ ಗುಣಿಸಿ ಹತ್ತರಿಂದ ಭಾಗಿಸಿ. ಪರಿವರ್ತನೆಗೆ 40 ಎಂಬ ಅಂಕಿ ಕಣ್ಣಿಗೆ ಬಿದ್ದರೆ ಅದನ್ನು ಇಲ್ಲಿ ಬಳಸಬೇಡಿ. ಒಂದು ಮೈಕ್ರೊಗ್ರಾಂಗೆ 40 ಐಯು ಎನ್ನುವುದು ನುಂಗುವ ಮಾತ್ರೆಯ ಲೆಕ್ಕ, ರಕ್ತದ ಮಟ್ಟದ್ದಲ್ಲ.

ಮಾನ ಅದಲುಬದಲಾದಾಗ ತಪ್ಪು ಎರಡು ದಿಕ್ಕಿನಲ್ಲೂ ಆಗುತ್ತದೆ. ಮಗಳ 46 ಅನ್ನು ತುಮಕೂರಿನ ಅಳತೆಯಲ್ಲಿ ಓದಿದರೆ ಕೊರತೆಯೇ ಕಾಣಿಸುವುದಿಲ್ಲ. ಅಲ್ಲಿಯ ವರದಿಯಲ್ಲಿ 30ರಿಂದ 100ರವರೆಗೆ ಸಾಕಷ್ಟಿದೆ ಎಂದೇ ಅಚ್ಚಾಗಿರುವುದು ರೂಢಿ. ಇನ್ನೊಂದು ಕಡೆ, ಇಂಗ್ಲೆಂಡಿನ 120 ಅನ್ನು ಅದೇ ಅಳತೆಯಲ್ಲಿ ಓದಿದರೆ ಮಿತಿ ಮೀರಿತು ಎಂಬ ಗಾಬರಿ, ನಿಜಕ್ಕೆ ಅದು 48 ಮಾತ್ರ. ಅಮ್ಮನ 18.4 ಅನ್ನು ಇಂಗ್ಲೆಂಡಿನ ಅಳತೆಯಲ್ಲಿ ಓದಿದರೆ 25ಕ್ಕಿಂತ ಕೆಳಗಿನ ತೀವ್ರ ಕೊರತೆಯಂತೆ ಕಾಣುತ್ತದೆ. ನಮ್ಮಲ್ಲಿ ವಾರಕ್ಕೊಂದರಂತೆ ಕೊಡುವ 60,000 ಐಯು ಪುಡಿಯ ಸ್ಯಾಚೆಟ್ಟನ್ನು ಎಷ್ಟು ವಾರ ತೆಗೆದುಕೊಳ್ಳಬೇಕು ಎನ್ನುವ ಮಾತು ಇಂಥ ಓದಿನ ಮೇಲೆ ನಿಲ್ಲಬಾರದು.

ಇಷ್ಟನ್ನು ಸರಿಯಾಗಿ ಗುಣಿಸಿದವರೂ ಎಡವುವ ಜಾಗ ಇನ್ನೊಂದಿದೆ. ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ. 22.4 ng/mL ಬಂದಿದೆ ಎನ್ನಿ. ಗುಣಿಸಿದರೆ 56 nmol/L. ತುಮಕೂರಿನ ಹಾಳೆಯಲ್ಲಿ 20ಕ್ಕಿಂತ ಕಡಿಮೆ ಕೊರತೆ, 20ರಿಂದ 30 ಸಾಲದು ಎಂದಿದ್ದರೆ ಈ ರಕ್ತ "ಸಾಲದು" ಪಟ್ಟಿಗೆ ಸೇರುತ್ತದೆ. ಬ್ರಿಟನ್ನಿನ ರಾಯಲ್ ಆಸ್ಟಿಯೊಪೊರೋಸಿಸ್ ಸೊಸೈಟಿಯ ಮಾರ್ಗಸೂಚಿ 25ಕ್ಕಿಂತ ಕೆಳಗೆ ಕೊರತೆ, 25ರಿಂದ 50 ಕೆಲವರಿಗೆ ಸಾಲದಿರಬಹುದು, 50ರ ಮೇಲೆ ಬಹುತೇಕ ಎಲ್ಲರಿಗೂ ಸಾಕು ಎನ್ನುತ್ತದೆ. ಅದರ ಪ್ರಕಾರ 56 ಸಾಕು. ಗುಣಾಕಾರದಲ್ಲಿ ತಪ್ಪಿಲ್ಲ, ರಕ್ತವೂ ಅದೇ. ಗಡಿ ಎಳೆದ ಜಾಗ ಬೇರೆ. 20 ಮತ್ತು 30ರ ಗಡಿಗಳು ಅಮೆರಿಕದ ಎಂಡೊಕ್ರೈನ್ ಸೊಸೈಟಿಯ 2011ರ ಮಾರ್ಗಸೂಚಿಯಲ್ಲಿದ್ದವು. 2024ರ ಹೊಸ ಮಾರ್ಗಸೂಚಿಯಲ್ಲಿ ಆ ಸಂಸ್ಥೆಯೇ 30ರ ಗುರಿಯನ್ನು ಕೈಬಿಟ್ಟಿದೆ.

ಆದ್ದರಿಂದ ಒಂದು ದೇಶದ ಅಂಕಿಯನ್ನು ಪರಿವರ್ತಿಸಿ ಇನ್ನೊಂದು ದೇಶದ ಪಟ್ಟಿಯ ಎದುರು ಇಟ್ಟು "ಮಟ್ಟ ಸುಧಾರಿಸಿದೆ" ಎನ್ನುವುದು ಸರಿಯಲ್ಲ. ಅಂಕಿಯನ್ನು ಅಂಕಿಯೊಡನೆ ಹೋಲಿಸಬೇಕು, ಪಟ್ಟಿಯ ಹೆಸರನ್ನಲ್ಲ. ಯಾವ ಪಟ್ಟಿ ಹಿಡಿಯಬೇಕು ಎನ್ನುವುದನ್ನು ಔಷಧ ಬರೆಯುವ ವೈದ್ಯರಿಗೆ ಬಿಡುವುದು ಮೇಲು.

ಮಾನದ ವಿಷಯದಲ್ಲಿ ಒಂದು ಪದ್ಧತಿ ಮೇಲು, ಇನ್ನೊಂದು ಕೀಳು ಎಂದು ನನಗನ್ನಿಸುವುದಿಲ್ಲ. ಆದರೆ ತುಮಕೂರು, ಕೋಲಾರದ ಮನೆಗಳಿಂದ ಎಷ್ಟೊಂದು ವರದಿಗಳು ವಾಟ್ಸಾಪಿನಲ್ಲಿ ಹೊರದೇಶಕ್ಕೆ ಹಾರುತ್ತಿರುವಾಗ, ಲ್ಯಾಬುಗಳು ಎರಡೂ ಮಾನದ ಅಂಕಿಯನ್ನು ಒಂದೇ ಸಾಲಿನಲ್ಲಿ ಮುದ್ರಿಸಬೇಕು. ಅಲ್ಲಿಯವರೆಗೆ ಮೂಲ ಹಾಳೆಯ ಚಿತ್ರವನ್ನು, ಪಕ್ಕದ ಪಟ್ಟಿಯೂ ಕಾಣುವಂತೆ ಕಳಿಸಿ. ಬದಲಾಯಿಸಿದ ಅಂಕಿಯನ್ನು ಮಾತ್ರ ಡೈರಿಯಲ್ಲಿ ಬರೆದಿಟ್ಟರೆ, ಮುಂದಿನ ವರ್ಷ ಅದನ್ನೇ ಮತ್ತೊಮ್ಮೆ 2.5ರಿಂದ ಗುಣಿಸುವ ಅಪಾಯವಿದೆ. 18.4 ಹೀಗೆ ಎರಡು ಸಲ ಬೆಳೆದು 115 ಆಗಿ ನಿಲ್ಲುತ್ತದೆ.

ಇಷ್ಟಾದ ಮೇಲೂ 45 ಮತ್ತು 48ರ ನಡುವೆ ಏರಿಳಿತ ಹುಡುಕಬೇಡಿ. ಬೇರೆ ಲ್ಯಾಬು, ಬೇರೆ ಯಂತ್ರ ಎಂದರೆ ಅಳತೆಯಲ್ಲೇ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರಬಹುದು. ಮಾತ್ರೆ ಫಲಿಸಿತೋ ಇಲ್ಲವೋ ನೋಡಲು ಎರಡನೆಯ ಪರೀಕ್ಷೆಯನ್ನೂ ಮೊದಲಿನ ಲ್ಯಾಬಿನಲ್ಲೇ ಮಾಡಿಸಿ.