“ನೇರ” ಎಂಬ ಪದದ ಹಿಂದೆ

ನಿನ್ನೆ ರಾತ್ರಿ ಸೌಂದರ್ಯವರ್ಧಕಗಳ ದೊಡ್ಡ ಕಂಪನಿಯೊಂದರ ವಾರ್ಷಿಕ ವರದಿ ಓದುತ್ತಿದ್ದೆ. (ನಿದ್ದೆಗೆಟ್ಟು ಇಂಥವನ್ನೇ ಓದುವ ನನ್ನ ಚಟ ಗೆಳೆಯರಿಗೆ ಗೊತ್ತಿರುವುದೇ.) “ನಮ್ಮ ನೇರ ಪೂರೈಕೆದಾರರಲ್ಲಿ ಬಾಲಕಾರ್ಮಿಕರ ಒಂದು ಪ್ರಕರಣವೂ ಕಂಡುಬಂದಿಲ್ಲ” ಎಂಬ ಸಾಲು ಅದರಲ್ಲಿತ್ತು. ಇದು ಸುಳ್ಳಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. “ನೇರ” ಎಂಬ ಒಂದೇ ಪದದ ದಯೆಯಿಂದ ಆ ವಾಕ್ಯ ಪೂರ್ತಿ ನಿಜವಾಗಿದೆ.

ಲಿಪ್‌ಸ್ಟಿಕ್‌ಗೂ ಕಾರಿನ ಬಣ್ಣಕ್ಕೂ ಮಿನುಗು ಕೊಡುವ ಅಭ್ರಕವನ್ನೇ ನೋಡಿ, ನಮ್ಮ ಹಿರಿಯರು ಕಾಗೆಬಂಗಾರ ಎನ್ನುತ್ತಿದ್ದ ಅದೇ ಖನಿಜ. ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಮತ್ತು ಬಿಹಾರದ ನವಾದಾ ಜಿಲ್ಲೆಗಳು ಅದರ ತವರು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಲ್ಲಿನ ಗಣಿಗಳ ಗುತ್ತಿಗೆಗಳು ನವೀಕರಣವಾಗದೆ ಒಂದೊಂದಾಗಿ ಮುಚ್ಚಿದವು, ಆದರೆ ಅಗೆಯುವುದು ಮಾತ್ರ ನಿಲ್ಲಲಿಲ್ಲ. ಪಾಳುಬಿದ್ದ ಗಣಿಗಳ ಸುತ್ತ ಕುಟುಂಬಗಳೇ ಗುಂಡಿ ತೋಡಿ ಚೂರು ಅಭ್ರಕವನ್ನು ಆರಿಸುತ್ತವೆ. ಅದಕ್ಕೆ ಅಲ್ಲಿಯವರ ಹೆಸರು ಢಿಬ್ರಾ. ಇಕ್ಕಟ್ಟಾದ ಬಿಲದೊಳಗೆ ದೊಡ್ಡವರಿಗಿಂತ ಮಕ್ಕಳು ಸುಲಭವಾಗಿ ನುಸುಳುತ್ತಾರೆ. ಹೀಗೆ ಸಿಕ್ಕಿದ್ದು ಹಳ್ಳಿಯ ಚಿಲ್ಲರೆ ಖರೀದಿದಾರನ ಕೈಗೆ, ಅಲ್ಲಿಂದ ಗೋದಾಮಿನ ವ್ಯಾಪಾರಿಗೆ, ಅವನಿಂದ ಸಂಸ್ಕರಿಸಿ ರಫ್ತು ಮಾಡುವ ಘಟಕಕ್ಕೆ, ಕೊನೆಗೆ ಅದರಿಂದ ಮಿನುಗುವ ಬಣ್ಣದ ಪುಡಿ ಮಾಡುವ ಹೊರದೇಶದ ಪಿಗ್ಮೆಂಟ್ ತಯಾರಕನಿಗೆ ಹೋಗುತ್ತದೆ. ವರದಿಯ “ನೇರ ಪೂರೈಕೆದಾರ” ಎಂದರೆ ಈ ಪಿಗ್ಮೆಂಟ್ ತಯಾರಕ. ಬಿಳಿ ಕೋಟು ತೊಟ್ಟವರು ಓಡಾಡುವ ಅವನ ಪ್ರಯೋಗಾಲಯದಲ್ಲಿ ಮಕ್ಕಳು ಕಾಣಲಿಲ್ಲವಂತೆ. ಅಲ್ಲಿ ಹೇಗೆ ಕಂಡಾರು?

ಮಾಲು ತನ್ನ ಗುರುತು ಕಳೆದುಕೊಳ್ಳುವುದು ಗೋದಾಮಿನಲ್ಲಿ. ಹತ್ತಾರು ಗುಂಡಿಗಳ ಅಭ್ರಕ ಒಂದೇ ರಾಶಿಗೆ ಬಿದ್ದ ಮೇಲೆ ಯಾವ ಚೂರನ್ನು ಯಾರು ಅಗೆದರೆಂದು ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ಆದರೆ ಒಟ್ಟಾರೆ ಏನು ನಡೆಯುತ್ತಿದೆ ಎಂದು ತಿಳಿಯಲು ಗುಡ್ಡ ಹತ್ತಬೇಕಾಗಿಲ್ಲ, ಒಂದು ಕಳೆಯುವ ಲೆಕ್ಕ ಸಾಕು. 2013-14ರ ಸರ್ಕಾರಿ ಅಂಕಿಗಳಲ್ಲಿ ದೇಶದ ಅಭ್ರಕ ಉತ್ಪಾದನೆ ಸುಮಾರು 19 ಸಾವಿರ ಟನ್, ರಫ್ತು ಸುಮಾರು 1 ಲಕ್ಷ 28 ಸಾವಿರ ಟನ್. ಮಿಕ್ಕಿದ್ದು ಆಕಾಶದಿಂದ ಉದುರಿರಲಾರದು. ಖರೀದಿ ವಿಭಾಗದಲ್ಲಿ ಕೂಡಿ ಕಳೆಯಲು ಬಲ್ಲವರು ಒಬ್ಬರಾದರೂ ಇದ್ದಿರಬೇಕಲ್ಲವೇ?

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆಯಿದೆ. ಕಾರ್ಖಾನೆಗಳ ಆಡಿಟ್ ಮಾಡಿಯೇ ಹೊಟ್ಟೆ ಹೊರೆದವಳು ನಾನು. ಹಿಂದೊಮ್ಮೆ ಇಂಥ ರಫ್ತು ಘಟಕವೊಂದಕ್ಕೆ ಹೋದಾಗ ಹಾಜರಿ ಪುಸ್ತಕ, ವಯಸ್ಸಿನ ದಾಖಲೆ, ವೇತನದ ಚೀಟಿ ಎಲ್ಲವೂ ಒಪ್ಪವಾಗಿದ್ದವು, ಅಭ್ರಕ ವಿಂಗಡಿಸುತ್ತಿದ್ದ ಹೆಂಗಸರೆಲ್ಲರೂ ವಯಸ್ಕರೇ ಆಗಿದ್ದರು. ಅಂಗಳದಲ್ಲಿ ಲಾರಿಯೊಂದು ಮಾಲು ಇಳಿಸುತ್ತಿತ್ತು. ಅದು ಎಲ್ಲಿಂದ ಬಂತೆಂದು ಕೇಳಿದೆ. “ಆ ಪ್ರಶ್ನೆ ನಿಮ್ಮ ಪಟ್ಟಿಯಲ್ಲಿ ಇದೆಯಾ ಮೇಡಂ?” ಎಂದರು ಮ್ಯಾನೇಜರು. ಇರಲಿಲ್ಲ. ನಾನು ಸಹಿ ಹಾಕಿ ಬಂದೆ.

ಐದು ಕೈ ದಾಟಿದ ಮಾಲಿನ ಮೂಲ ಹುಡುಕುವುದು ಕಂಪನಿಯಿಂದ ಆಗುವ ಕೆಲಸವೇ, ಮಕ್ಕಳನ್ನು ಶಾಲೆಗೆ ಕಳಿಸಬೇಕಾದದ್ದು ಸರ್ಕಾರವಲ್ಲವೇ ಎಂದು ಕೇಳುವವರಿದ್ದಾರೆ. ಸರ್ಕಾರದ ಹೊಣೆ ಇದ್ದೇ ಇದೆ, ಅದರಿಂದ ಕೊಂಡವನ ಹೊಣೆ ಕರಗುವುದಿಲ್ಲ. ಅದೇ ಪಿಗ್ಮೆಂಟಿನಲ್ಲಿ ಸೀಸದ ಅಂಶ ಮಿತಿ ಮೀರಿದರೆ ಇದೇ ಕಂಪನಿ ಬ್ಯಾಚ್ ಸಂಖ್ಯೆ ಹಿಡಿದು ಮೂಲದವರೆಗೆ ಜಾಲಾಡುತ್ತದೆ. ಗಿರಾಕಿಯ ಚರ್ಮಕ್ಕೆ ತೊಂದರೆಯಾಗುವುದಾದರೆ ಸರಪಳಿ ಕಾಣುತ್ತದೆ, ಅಗೆದ ಮಗುವಿನ ವಿಷಯ ಬಂದಾಗ ಕಣ್ಣು ಮಂಜಾಗುತ್ತದೆ.

2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಒಪ್ಪಿದ ಮಾರ್ಗದರ್ಶಿ ತತ್ವಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಹಾನಿಗೆ ಕಂಪನಿ ತಾನೇ ಕಾರಣವಾಗದಿದ್ದರೂ, ವ್ಯಾಪಾರ ಸಂಬಂಧದ ಮೂಲಕ ಅದು ತನ್ನ ಸರಕಿಗೆ ಅಂಟಿಕೊಂಡಿದ್ದರೆ, ತನ್ನ ಪ್ರಭಾವ ಬಳಸಿ ತಡೆಯಲು ಯತ್ನಿಸಬೇಕು. ಎಷ್ಟನೆಯ ಕೈ ಎಂಬ ರಿಯಾಯಿತಿ ಅಲ್ಲಿಲ್ಲ. ಆದರೆ ಕಾನೂನು ಬರೆಯುವಾಗ “ನೇರ” ಮತ್ತೆ ನುಸುಳಿಬಿಡುತ್ತದೆ. 2023ರಲ್ಲಿ ಜಾರಿಗೆ ಬಂದ ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ ಪೂರ್ಣ ಎಚ್ಚರಿಕೆಯನ್ನು ನೇರ ಪೂರೈಕೆದಾರರ ವಿಷಯದಲ್ಲಿ ಕೇಳಿತು, ಅದರಾಚೆಗೆ ಕಂಪನಿಗೆ “ಆಧಾರಸಹಿತ ತಿಳಿವಳಿಕೆ” ಬಂದಾಗ ಮಾತ್ರ. ತಿಳಿದುಕೊಳ್ಳದಿರುವುದೇ ಲಾಭದಾಯಕವಾದರೆ ಯಾರು ತಿಳಿದುಕೊಳ್ಳಲು ಹೋಗುತ್ತಾರೆ?

ಗುಂಡಿ ಕುಸಿದು ಮಕ್ಕಳು ಸತ್ತರೂ ಸುದ್ದಿಯಾಗುವುದು ಅಪರೂಪ. ಅಗೆತವೇ ಅಕ್ರಮವಾದ್ದರಿಂದ ಮನೆಯವರು ಠಾಣೆಗೆ ಹೋಗಲು ಹೆದರುತ್ತಾರೆ, ವ್ಯಾಪಾರಿ ಒಂದಿಷ್ಟು ದುಡ್ಡು ಕೊಟ್ಟು ಬಾಯಿ ಮುಚ್ಚಿಸುತ್ತಾನೆ. 2016ರಲ್ಲಿ ಎರಡೇ ತಿಂಗಳಲ್ಲಿ ಏಳು ಮಕ್ಕಳು ಸತ್ತದ್ದು ಬಯಲಾದದ್ದು ಪತ್ರಕರ್ತರಿಂದ, ಯಾವ ಆಡಿಟ್ ವರದಿಯಿಂದಲೂ ಅಲ್ಲ. ಮರುವರ್ಷ ಕಂಪನಿಗಳು ಸೇರಿ ರೆಸ್ಪಾನ್ಸಿಬಲ್ ಮೈಕಾ ಇನಿಷಿಯೇಟಿವ್ ಎಂಬ ಒಕ್ಕೂಟ ಕಟ್ಟಿಕೊಂಡು 2022ರೊಳಗೆ ಬಾಲದುಡಿಮೆ ಕೊನೆಗಾಣಿಸುವುದಾಗಿ ಹೇಳಿದವು. ಈಗ ಗಡುವು 2030.

ಕೃತಕ ಅಭ್ರಕದ ಮೊರೆಹೋಗಿ ಕೈ ತೊಳೆದುಕೊಂಡ ಕಂಪನಿಗಳನ್ನೂ ನಾನು ಮೆಚ್ಚಲಾರೆ, ಏಕೆಂದರೆ ಆ ಮಗು ಗುಂಡಿಯಲ್ಲೇ ಉಳಿದು ಗಿರಾಕಿಯಷ್ಟೇ ಬದಲಾಗುತ್ತಾನೆ. ಮುಂದಿನ ವರ್ಷದ ವರದಿಯಲ್ಲಿ ನನಗೆ ಬೇಕಿರುವುದು ಒಂದೇ ಸಾಲು: ಎಷ್ಟು ಕಿಲೋ ಅಭ್ರಕ, ಯಾವ ಪರವಾನಗಿಯ ಗಣಿಯಿಂದ, ಗುಂಡಿಯ ಬಾಯಲ್ಲಿ ಕಿಲೋಗೆ ಕೊಟ್ಟ ದರ ಎಷ್ಟು. ಆ ದರದಲ್ಲಿ ದೊಡ್ಡವರ ದುಡಿಮೆಯಿಂದಲೇ ಮನೆ ನಡೆಯುತ್ತದೆಯೇ ಇಲ್ಲವೇ ಎಂಬ ಲೆಕ್ಕವನ್ನು ನಾವೇ ಹಾಕಿಕೊಳ್ಳುತ್ತೇವೆ.