ಮೂಲದೇವರ ಕಥೆ ಬೇರೆ, ಚೆಲುವಪಿಳ್ಳೆಯ ಕಥೆ ಬೇರೆ

"ಸುಲ್ತಾನನ ಮಗಳ ಕಥೆಯಿಂದಲೇ ಮೇಲುಕೋಟೆ ದೇವರಿಗೆ ಚೆಲುವನಾರಾಯಣ ಎಂಬ ಹೆಸರು ಬಂತು."

ನಿಮ್ಮ ಲೇಖನದಲ್ಲಿರುವ ಈ ಮಾತನ್ನು ಪೂರ್ತಿ ಒಪ್ಪೋಕಾಗಲ್ಲ. ಗರ್ಭಗುಡಿಯಲ್ಲಿ ನಿಂತಿರುವ ಮೂಲದೇವರು ತಿರುನಾರಾಯಣ. ದೆಹಲಿ ಸುಲ್ತಾನನ ಮಗಳ ಕಥೆ ಸೇರಿಕೊಂಡಿರುವುದು ಉತ್ಸವಮೂರ್ತಿಗೆ, ಅಂದರೆ ವೈರಮುಡಿ ದಿನ ರಾತ್ರಿ ಕಿರೀಟ ತೊಟ್ಟು ಬೀದಿಗೆ ಬರುವ ಚೆಲುವಪಿಳ್ಳೆಗೆ. ವಿಗ್ರಹ ಸುಲ್ತಾನನ ಮಗಳ ಹತ್ತಿರ ಇತ್ತಂತೆ, ರಾಮಾನುಜರು ಸುಲ್ತಾನನ ಅರಮನೆಗೆ ಹೋಗಿ ಮಗುವನ್ನು ಕರೆದ ಹಾಗೆ ಕರೆದರಂತೆ, ವಿಗ್ರಹ ತಾನೇ ನಡೆದು ಬಂದು ಅವರ ತೊಡೆ ಏರಿತಂತೆ. ಸಂಪತ್ಕುಮಾರ ಅನ್ನುವ ಹೆಸರಿಗೂ ಇದೇ ಕಥೆ ಹೇಳ್ತಾರೆ. ಆದರೆ ಅದೇ ಮೂರ್ತಿಗೆ ರಾಮಪ್ರಿಯ ಅಂತಲೂ ಹೆಸರಿದೆ, ಅಲ್ವಾ? ಅದಕ್ಕೆ ಕಾರಣವಾಗಿ ಹೇಳುವ ಕಥೆಯಲ್ಲಿ ದೆಹಲಿಯೂ ಇಲ್ಲ, ಸುಲ್ತಾನನೂ ಇಲ್ಲ. ರಾಮ ಪೂಜಿಸಿದ ಮೂರ್ತಿ, ಆಮೇಲೆ ಯಾದವರ ಕೈಗೆ ಬಂತು ಅನ್ನುವುದು ಆ ಕಥೆ. ಬೆಟ್ಟಕ್ಕೆ ಯದುಗಿರಿ ಅಂತ ಹೆಸರಿರುವುದೂ ಯಾದವರ ನಂಟಿನಿಂದಲೇ ಅಂತಾರೆ.

ಇನ್ನೊಂದು ವಿಷಯ, ಲೇಖನ ದೆಹಲಿ ಕಥೆಯನ್ನು ನಡೆದ ಘಟನೆ ಅನ್ನೋ ಹಾಗೆ ಬರೆದಿದೆ. ಸಂಪ್ರದಾಯದ ಲೆಕ್ಕದಲ್ಲೇ ರಾಮಾನುಜರು 1137ರಲ್ಲಿ ತೀರಿಕೊಂಡರು. ದೆಹಲಿ ಸುಲ್ತಾನರ ಆಳ್ವಿಕೆ ಶುರುವಾಗಿದ್ದು 1206ರಲ್ಲಿ. ಹಾಗಾಗಿ ಈ ಕಥೆ ಈ ರೂಪಕ್ಕೆ ಬಂದಿದ್ದು ರಾಮಾನುಜರ ಕಾಲವಾದ ಮೇಲೆಯೇ ಇರಬೇಕು. ಹಾಗಂತ ಸುಮ್ನೆ ಕಟ್ಟುಕಥೆ ಅಂತ ತಳ್ಳಿಹಾಕೋದೂ ತಪ್ಪು. ಚೆಲುವಪಿಳ್ಳೆಯ ಪಾದದ ಹತ್ತಿರ ಆ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರ್‌ಳ ಪುಟ್ಟ ಮೂರ್ತಿಗೂ ಪೂಜೆ ಸಲ್ಲುತ್ತದೆ. ಲೇಖನದಲ್ಲಿ ಅವಳ ಹೆಸರನ್ನೇ ಬಿಟ್ಟಿದ್ದೀರಿ, ಸುಲ್ತಾನನ ಮಗಳು ಅಂತಷ್ಟೇ ಇದೆ.