ಥ್ಯಾಂಕ್ಸ್ ಪೋಸ್ಟಿನೊಳಗಿನ ಲೇಆಫ್

ಅಮೆರಿಕದಲ್ಲಿ ಕೆಲಸ ಹೋದವರು ಅವತ್ತೇ ಸಂಜೆಯೊಳಗೆ ಲಿಂಕ್ಡ್‌ಇನ್‌ನಲ್ಲಿ ಹೇಳಿಬಿಡುತ್ತಾರೆ. ಭಾರತದಲ್ಲಿ ಕೆಲಸ ಹೋದವರು ‘ನಾಲ್ಕು ಸುಂದರ ವರ್ಷಗಳ ನಂತರ ಮುಂದಕ್ಕೆ ಹೊರಟಿದ್ದೇನೆ’ ಎಂದು ಬರೆಯುತ್ತಾರೆ. ಎಲ್ಲಿಗೆ ಹೊರಟಿದ್ದಾರೆ ಎನ್ನುವುದು ಮಾತ್ರ ಅದರಲ್ಲಿ ಇರುವುದಿಲ್ಲ. ಇದನ್ನು ಸ್ವಭಾವದ ವ್ಯತ್ಯಾಸ, ನಮ್ಮವರಿಗೆ ಮರ್ಯಾದೆಯ ಭಯ ಜಾಸ್ತಿ ಎಂದು ಅನೇಕರು ವಿವರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡೂ ಕಡೆ ಕೆಲಸದಿಂದ ತೆಗೆಯುವ ವಿಧಾನವೇ ಬೇರೆ. ಪೋಸ್ಟೂ ಮೀಮೂ ಆ ವಿಧಾನದಿಂದಲೇ ಹುಟ್ಟುತ್ತವೆ.

ಅಮೆರಿಕದ ಮೀಮು ನೋಡಿ. ಬೆಳಿಗ್ಗೆ ಕ್ಯಾಲೆಂಡರಿಗೆ ಹದಿನೈದು ನಿಮಿಷದ ‘ಕ್ವಿಕ್ ಸಿಂಕ್’ ಬಂದಿದೆ, ಅದರಲ್ಲಿ ಮ್ಯಾನೇಜರ್ ಜೊತೆ ಎಂದೂ ಕೇಳದ ಒಂದು ಎಚ್‌ಆರ್ ಹೆಸರು. ಮುಂದಿನ ಚಿತ್ರದಲ್ಲಿ ಲ್ಯಾಪ್‌ಟಾಪ್ ಲಾಕ್ ಆಗಿದೆ. ಇದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಅಲ್ಲಿ ಬಹುತೇಕ ಉದ್ಯೋಗ ‘ಅಟ್-ವಿಲ್’, ಅಂದರೆ ಕಂಪನಿ ಕಾರಣ ಹೇಳದೆಯೂ ಕಳಿಸಬಹುದು. ಆದರೆ ದೊಡ್ಡ ಪ್ರಮಾಣದಲ್ಲಿ ತೆಗೆಯುವಾಗ 1988ರ ವಾರ್ನ್ ಕಾಯ್ದೆ ಅಡ್ಡ ಬರುತ್ತದೆ. ನೂರು ಅಥವಾ ಹೆಚ್ಚು ನೌಕರರಿರುವ ಕಂಪನಿ ಸಾಮಾನ್ಯವಾಗಿ 60 ದಿನ ಮುಂಚೆ ನೋಟಿಸ್ ಕೊಡಬೇಕು, ರಾಜ್ಯ ಸರ್ಕಾರಕ್ಕೂ ತಿಳಿಸಬೇಕು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಆ ಪಟ್ಟಿಯನ್ನು ವೆಬ್‌ಸೈಟಿನಲ್ಲೇ ಹಾಕುತ್ತವೆ. ಹೀಗಾಗಿ ಮುಚ್ಚಿಡಲು ಏನೂ ಉಳಿಯುವುದಿಲ್ಲ. ಎಷ್ಟೋ ಕಂಪನಿಗಳು ಆ 60 ದಿನ ಸಂಬಳ ಕೊಟ್ಟು, ಕೆಲಸ ಮಾತ್ರ ಅವತ್ತೇ ನಿಲ್ಲಿಸುತ್ತವೆ.

ಎಚ್-1ಬಿ ವೀಸಾದವರಿಗೆ ಇನ್ನೊಂದು ಗಡಿಯಾರ ಇದೆ. ಉದ್ಯೋಗ ಮುಗಿದ ಮೇಲೆ ಹೆಚ್ಚೆಂದರೆ 60 ದಿನದ ಗ್ರೇಸ್ ಅವಧಿ. ದೇಶದಲ್ಲಿ ಎಲ್ಲಿಯ ತನಕ ಇರಬಹುದೆಂದು ಹೇಳುವ ದಾಖಲೆ ಐ-94, ಅದರ ಅವಧಿ ಅದಕ್ಕೂ ಮುಂಚೆ ಮುಗಿದರೆ ಅಷ್ಟೂ ಇಲ್ಲ. ಇಂಥವರು ಸಂಕೋಚಕ್ಕೆಂದು ಎರಡು ವಾರ ಸುಮ್ಮನಿದ್ದರೆ ಕಾಲು ಭಾಗ ಹೋದಂತೆ. ಫೋಟೋದ ಸುತ್ತ ಹಸಿರು ‘ಓಪನ್ ಟು ವರ್ಕ್’ ಬಳೆ ಅಷ್ಟು ಬೇಗ ಏರುವುದು ಇದಕ್ಕೇ.

ಹಾಗಾದರೆ ಅಮೆರಿಕದ ಲೇಆಫ್ ಪೋಸ್ಟಿನಲ್ಲೂ ಕಂಪನಿಗೆ ಅಷ್ಟೊಂದು ಧನ್ಯವಾದ, ಅಷ್ಟೊಂದು ಸಿಹಿ ಯಾಕೆ? ಪರಿಹಾರದ ಹಣ, ಅಂದರೆ ಸೆವರೆನ್ಸ್, ಕೈಗೆ ಬರಬೇಕಾದರೆ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ಕಂಪನಿಯ ಬಗ್ಗೆ ಕೆಟ್ಟದಾಗಿ ಮಾತಾಡುವುದಿಲ್ಲ ಎಂಬ ಷರತ್ತು ಅದರಲ್ಲಿ ಸಾಮಾನ್ಯ. 2023ರಲ್ಲಿ ಅಲ್ಲಿನ ಕಾರ್ಮಿಕ ಸಂಬಂಧ ಮಂಡಳಿ ಎನ್‌ಎಲ್‌ಆರ್‌ಬಿ ಒಂದು ಆಸ್ಪತ್ರೆಯ ಪ್ರಕರಣದಲ್ಲಿ, ಸಾಮಾನ್ಯ ನೌಕರರ ಬಾಯನ್ನು ಇಷ್ಟು ಅಗಲವಾಗಿ ಕಟ್ಟುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಮೇಲ್ವಿಚಾರಕರಿಗೆ ಆ ರಕ್ಷಣೆ ಇಲ್ಲ. ರಕ್ಷಣೆ ಇದ್ದವರೂ ಸೆವರೆನ್ಸ್ ಖಾತೆಗೆ ಬೀಳುವ ತನಕ ಅದನ್ನು ಪರೀಕ್ಷಿಸಲು ಹೋಗುವುದಿಲ್ಲ. ಹಾಗಾಗಿ ಧನ್ಯವಾದ ಪೋಸ್ಟಿಗೆ ಹೋಗುತ್ತದೆ, ಸಿಟ್ಟು ಮೀಮಿಗೆ ಬರುತ್ತದೆ. ಮೀಮಿಗೆ ಸಹಿಯಿಲ್ಲ, ಅದನ್ನು ಯಾರು ಮಾಡಿದರೆಂದು ಯಾರಿಗೂ ಗೊತ್ತಿಲ್ಲ.

ಭಾರತದ ಐಟಿಯಲ್ಲಿ ವ್ಯವಹಾರ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ‘ನೀವೇ ರಾಜೀನಾಮೆ ಮೇಲ್ ಹಾಕಿದರೆ ಇಷ್ಟು ತಿಂಗಳ ಸಂಬಳ, ಚೆಂದದ ರಿಲೀವಿಂಗ್ ಲೆಟರ್. ಇಲ್ಲದಿದ್ದರೆ ಟರ್ಮಿನೇಷನ್.’ ಕಂಪನಿ ತಾನಾಗಿ ತೆಗೆದರೆ ಕಾರ್ಮಿಕ ಕಾನೂನಿನ ಪ್ರಶ್ನೆ ಏಳಬಹುದು, ನೌಕರನೇ ಬಿಟ್ಟರೆ ಆ ತಲೆನೋವಿಲ್ಲ. ನೌಕರನಿಗೂ ಮುಂದಿನ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಕಣ್ಣ ಮುಂದಿರುತ್ತದೆ. ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ, ಮತ್ತೆ ಸೇರಿಸಿಕೊಳ್ಳುತ್ತೀರಾ ಎಂಬ ಪ್ರಶ್ನೆಗಳು ಹಳೆಯ ಎಚ್‌ಆರ್ ಬಳಿಗೇ ಹೋಗುತ್ತವೆ. ಕಾಗದದಲ್ಲಿ ‘ರಾಜೀನಾಮೆ’ ಎಂದಿರುವಾಗ ಪೋಸ್ಟಿನಲ್ಲಿ ‘ನನ್ನನ್ನು ತೆಗೆದರು’ ಎಂದು ಬರೆದರೆ ಎರಡೂ ತಾಳೆಯಾಗುವುದಿಲ್ಲ. ಹಣೆಗೆ ಪಿಸ್ತೂಲು ಹಿಡಿದು ‘ಸ್ವಇಚ್ಛೆಯಿಂದ’ ಎಂದು ಬರೆಸುವ ಮೀಮು ಭಾರತದಲ್ಲಿ ಓಡುತ್ತದೆ, ಅಮೆರಿಕದಲ್ಲಿ ಅದು ಅರ್ಥವೇ ಆಗುವುದಿಲ್ಲ.

ಅಪ್ರೈಸಲ್ ವಿಷಯಕ್ಕೆ ಬಂದರೆ ಎರಡು ದೇಶಗಳ ಮೀಮುಗಳು ಅಣ್ಣತಮ್ಮಂದಿರು. ಯಾಕೆಂದರೆ ಯಂತ್ರ ಒಂದೇ. ಅಮೆರಿಕದ ಜಿಇ ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಹೆಸರಾಗಿಸಿದ 20-70-10 ಹಂಚಿಕೆಯ ಸಂತತಿ ಅದು, ಅಂದರೆ ನೌಕರರನ್ನು ಮೇಲಿನ 20, ನಡುವಿನ 70, ಕೆಳಗಿನ 10 ಪರ್ಸೆಂಟ್ ಎಂದು ವಿಂಗಡಿಸುವುದು. ಮೈಕ್ರೋಸಾಫ್ಟ್ 2013ರಲ್ಲಿ ತನ್ನ ಸ್ಟ್ಯಾಕ್ ರ‍್ಯಾಂಕಿಂಗ್ ಕೈಬಿಟ್ಟಿತು. ಹೆಸರು ಹೋದರೂ ಬೆಲ್ ಕರ್ವ್ ಬೇರೆ ಬೇರೆ ವೇಷದಲ್ಲಿ ಎಷ್ಟೋ ಕಡೆ ಉಳಿದಿದೆ.

ಒಂದು ತಂಡ ಊಹಿಸಿಕೊಳ್ಳಿ. ಹತ್ತು ಜನ, ಮ್ಯಾನೇಜರ್ ಆರು ಜನಕ್ಕೆ 4ರ ರೇಟಿಂಗ್ ಹಾಕಿದ್ದಾರೆ. ಇಲಾಖೆಯ ಲೆಕ್ಕದಲ್ಲಿ ಈ ತಂಡಕ್ಕೆ ಸಿಗುವುದು ಎರಡೇ 4. ರೇಟಿಂಗುಗಳನ್ನು ಆ ಲೆಕ್ಕಕ್ಕೆ ಹೊಂದಿಸುವ ಕ್ಯಾಲಿಬ್ರೇಷನ್ ಮೀಟಿಂಗಿನಲ್ಲಿ ನಾಲ್ಕು ಜನ 3ಕ್ಕೆ ಇಳಿಯುತ್ತಾರೆ. ಆಮೇಲೆ ಫೀಡ್‌ಬ್ಯಾಕ್ ಬರೆಯಬೇಕು, ತಾಳಿ ಕಟ್ಟಿಯಾದ ಮೇಲೆ ಜಾತಕ ಕೂಡಿಸಿದ ಹಾಗೆ. ಅಂಥ ಫೀಡ್‌ಬ್ಯಾಕನ್ನು ಗುರುತಿಸುವುದು ಸುಲಭ. ಅದರಲ್ಲಿ ಒಂದು ಪ್ರಾಜೆಕ್ಟಿನ ಹೆಸರೂ ಇರುವುದಿಲ್ಲ, ಒಂದು ದಿನಾಂಕವೂ ಇರುವುದಿಲ್ಲ. ‘ವಿಸಿಬಿಲಿಟಿ ಸಾಲದು’, ‘ಓನರ್‌ಶಿಪ್ ಹೆಚ್ಚಬೇಕು’ ಎಂಬ, ಯಾರಿಗೆ ಬೇಕಾದರೂ ಹೊಂದುವ ಮಾತುಗಳಿರುತ್ತವೆ. ವರ್ಷವಿಡೀ ಹೊಗಳಿದ ಮ್ಯಾನೇಜರ್ ಕೊನೆಗೆ ‘ಮೀಟ್ಸ್ ಎಕ್ಸ್‌ಪೆಕ್ಟೇಷನ್ಸ್’ ಕೈಗಿಡುವ ಮೀಮು ಈ ನಾಲ್ವರದ್ದು. ಮ್ಯಾನೇಜರ್ ಸುಳ್ಳು ಹೇಳಿರಲಿಲ್ಲ, ಅವರ ಕೈಯಲ್ಲಿ ಇರಲಿಲ್ಲ ಅಷ್ಟೇ.

ಹೈಕಿನ ಮೀಮು ಮಾತ್ರ ಭಾರತದಲ್ಲಿ ಹೆಚ್ಚು ಖಾರ, ಅದಕ್ಕೆ ಸಿಟಿಸಿ, ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚಿನ ಲೆಕ್ಕ, ಕಾರಣ. ಸಿಟಿಸಿ 100 ಎಂದಿಟ್ಟುಕೊಳ್ಳಿ, ಅದರಲ್ಲಿ ಫಿಕ್ಸೆಡ್ 80, ವೇರಿಯಬಲ್ 20. ಈ ವರ್ಷ ಹತ್ತು ಪರ್ಸೆಂಟ್ ಹೈಕ್, ಒಟ್ಟು 110. ಪತ್ರ ತೆರೆದರೆ ಫಿಕ್ಸೆಡ್ 82, ವೇರಿಯಬಲ್ 28. ತಿಂಗಳ ಸಂಬಳ ನಿಜಕ್ಕೂ ಏರಿದ್ದು ಎರಡೂವರೆ ಪರ್ಸೆಂಟ್. ವೇರಿಯಬಲ್ ಅರ್ಧವೇ ಬಂದರೆ ವರ್ಷದ ಕೊನೆಗೆ ಸಿಗುವುದು 96, ಅಂದರೆ ಹಳೆಯ ಸಿಟಿಸಿಗಿಂತಲೂ ಕಡಿಮೆ. ಅಮೆರಿಕದಲ್ಲಿ ಮೂಲ ಸಂಬಳದ ಏರಿಕೆಯನ್ನು ಸಾಮಾನ್ಯವಾಗಿ ಬೇರೆಯಾಗಿ, ಬೋನಸ್ಸನ್ನು ಬೇರೆಯಾಗಿ ಹೇಳುತ್ತಾರೆ. ಏರಿಕೆ ಚಿಕ್ಕದೇ ಇರಬಹುದು, ಕಣ್ಣಿಗೆ ಮಣ್ಣೆರಚುವ ಆಟ ಅಷ್ಟಿಲ್ಲ.

ಇಷ್ಟೆಲ್ಲ ನಡೆಯುವ ತಿಂಗಳಲ್ಲೇ ‘ಹಂಬಲ್ಡ್’ ಪೋಸ್ಟುಗಳ ಸುಗ್ಗಿ. ಅವುಗಳ ಕಟ್ಟೋಣ ಗೊತ್ತಾದರೆ ರೇಜಿಗೆ ಅರ್ಧ ಕಡಿಮೆಯಾಗುತ್ತದೆ. ಪೋಸ್ಟಿನ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ‘ಸೀ ಮೋರ್’ ಹಿಂದೆ. ಆದ್ದರಿಂದ ಮೊದಲ ಸಾಲು ಸೋಲಿನದ್ದು: ‘ಮೂರು ವರ್ಷದ ಹಿಂದೆ ನನ್ನನ್ನು ಎಲ್ಲರೂ ತಿರಸ್ಕರಿಸಿದ್ದರು.’ ಮಡಿಕೆಯ ಒಳಗೆ ಬಡ್ತಿ ಇರುತ್ತದೆ, ಕೊನೆಯಲ್ಲಿ ಟ್ಯಾಗ್ ಮಾಡಿದ ಹಿರಿಯರ ಸಾಲು. ಟ್ಯಾಗ್ ಕೃತಜ್ಞತೆಗೂ ಹೌದು, ಅವರು ಕಾಮೆಂಟ್ ಹಾಕಿದರೆ ಪೋಸ್ಟು ಅವರ ಬಳಗಕ್ಕೂ ಹೋಗುತ್ತದೆ ಎಂಬ ಲೆಕ್ಕಕ್ಕೂ ಹೌದು. ಇದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಮುಂದಿನ ಕ್ಯಾಲಿಬ್ರೇಷನ್‌ನಲ್ಲಿ ‘ವಿಸಿಬಿಲಿಟಿ ಸಾಲದು’ ಎನ್ನುವವರಿಗೆ ಕೊಡುವ ಉತ್ತರವೂ ಇದೇ ತಾನೆ!

ಲೇಆಫ್ ಪೋಸ್ಟು ಕಂಡರೆ ಚಪ್ಪಾಳೆ ಬಟನ್ ಒತ್ತುವುದಂತೂ ಬೇಡ. ಅಮೆರಿಕದಿಂದ ಬಂದ ಪೋಸ್ಟಾದರೆ ಕೊನೆಯ ಸಂಬಳದ ದಿನ ಯಾವುದು, ಯಾವ ಹುದ್ದೆಗೆ ರೆಫರಲ್ ಬೇಕು ಎಂದು ಖಾಸಗಿಯಾಗಿ ಕೇಳಿ. ಕೆಲಸ ನೋಡಿದ್ದರೆ, ಯಾವ ಪ್ರಾಜೆಕ್ಟಿನಲ್ಲಿ ಏನು ಮಾಡಿದ್ದರು ಎಂದು ಕಾಮೆಂಟಿನಲ್ಲಿ ಎರಡು ಸಾಲು ಬರೆಯಿರಿ, ರಿಕ್ರೂಟರ್ ಓದುವುದು ಅದನ್ನೇ. ಭಾರತದ ‘ಮುಂದಕ್ಕೆ ಹೊರಟಿದ್ದೇನೆ’ ಪೋಸ್ಟಿನ ಕೆಳಗೆ ‘ಏನಾಯ್ತು, ಲೇಆಫಾ?’ ಎಂದು ಎಲ್ಲರೆದುರು ಕೇಳಬೇಡಿ. ಅವರ ವೆರಿಫಿಕೇಷನ್ ಇನ್ನೂ ಮುಗಿದಿರಲಾರದು.